ರೈಲು ಹತ್ತಿಸೋಕೆ, ಕರ್ಕೊಂಡು ಬರೋಕೆ ಹೋಗೋ ಕೊಡಗಿನವರಿಗೆ ಪ್ಲಾಟ್‌ಫಾರ್ಮ್ ಟಿಕೆಟ್ ಲೆಕ್ಕ

ಪ್ಲಾಟ್‌ಫಾರ್ಮ್ ಟಿಕೆಟ್ ಎಷ್ಟು, ಎಷ್ಟು ಹೊತ್ತು ನಡಿಯುತ್ತೆ, ಟ್ರೈನ್ ಲೇಟಾದ್ರೆ ಏನು ಮಾಡೋದು, ಬೋಗಿ ಒಳಗೆ ಹೋಗಿ ಲಗೇಜ್ ಇಟ್ಟು ಬರಬಹುದಾ ಅಂತ ತುಂಬಾ ಜನ ಕೇಳ್ತಾನೇ ಇರ್ತಾರೆ, ಅದಕ್ಕೆ ಎಲ್ಲಾ ಒಂದೇ ಕಡೆ ಬರೆದುಬಿಡ್ತೀನಿ. ನಮ್ಮ ಜಿಲ್ಲೆಯಲ್ಲಿ ರೈಲ್ವೆ ಸ್ಟೇಷನ್ನೇ ಇಲ್ಲ, ಕುಶಾಲನಗರದ ಲೈನು ಇನ್ನೂ ಕಾಗದದ ಮೇಲೇ ಓಡ್ತಾ ಇದೆ, ಹಾಗಾಗಿ ನಮಗೆ ಸ್ಟೇಷನ್ ರೂಲ್ಸ್ ರೂಢಿ ಇರಲ್ಲ. ಅದಕ್ಕಿಂತ ದೊಡ್ಡ ತಾಪತ್ರಯ ಏನಂದ್ರೆ ನಾವು ಘಾಟಿ ಇಳಿದು, ಮಳೆ ಮರ ಎಲ್ಲಾ ಲೆಕ್ಕ ಹಾಕಿ ಎರಡು ಮೂರು ಗಂಟೆ ಮುಂಚೆನೇ ಸ್ಟೇಷನ್ ಸೇರಿಕೊಳ್ಳೋರು, ಪ್ಲಾಟ್‌ಫಾರ್ಮ್ ಟಿಕೆಟ್ ನಡೆಯೋದು ಬರೀ ಎರಡು ಗಂಟೆ. ಈ ಎರಡನ್ನ ಹೊಂದಿಸೋದೇ ಇಲ್ಲಿರೋ ಅಸಲಿ ವಿಷಯ.

ಮೊದಲು ಪ್ಲಾಟ್‌ಫಾರ್ಮ್ ಟಿಕೆಟ್ ಅಂದ್ರೆ ಏನು ಅಂತ. ಪ್ರಯಾಣ ಮಾಡದೆ ಇರೋರು, ಅಂದ್ರೆ ಯಾರನ್ನೋ ಕಳಿಸೋಕೆ ಅಥವಾ ಕರ್ಕೊಂಡು ಹೋಗೋಕೆ ಬಂದೋರು, ಪ್ಲಾಟ್‌ಫಾರ್ಮ್ ಮೇಲೆ ಹೋಗಿ ನಿಲ್ಲೋಕೆ ಕೊಡೋ ಪರ್ಮಿಷನ್ ಅದು, ಅಷ್ಟೇ. ಟ್ರೈನ್ ಟಿಕೆಟ್ ಇರೋರಿಗೆ ಇದು ಬೇಡ. ಬೆಲೆ ಒಬ್ಬರಿಗೆ 10 ರೂಪಾಯಿ, 2015ರ ಏಪ್ರಿಲ್‌ವರೆಗೆ 5 ಇತ್ತು ಆಮೇಲೆ 10 ಆಯ್ತು. ಕೊರೊನಾ ಟೈಮಲ್ಲಿ ಕೆಲವು ಸ್ಟೇಷನ್‌ಗಳಲ್ಲಿ 50 ರೂಪಾಯಿವರೆಗೂ ಹೋಗಿತ್ತು, ಜನ ಗುಂಪು ಸೇರಬಾರದು ಅಂತ, ಅದನ್ನೇ ನೆನಪಲ್ಲಿಟ್ಟುಕೊಂಡು ಈಗಲೂ 50 ಅನ್ನೋರಿದ್ದಾರೆ, ಅದು ಇಳಿದು ಬಹಳ ದಿನ ಆಯ್ತು. ಇದರ ಮೇಲೆ ಜಿಎಸ್‌ಟಿನೂ ಇಲ್ಲ, 2024ರಲ್ಲಿ ತೆಗೆದುಹಾಕಿದ್ರು. ಒಂದು ಮಾತು ಮಾತ್ರ ನೆನಪಿಡಿ, ಹಬ್ಬ ಜಾತ್ರೆ ಅಂತ ವಿಪರೀತ ರಶ್ ಇದ್ದಾಗ ಸ್ವಲ್ಪ ದಿನದ ಮಟ್ಟಿಗೆ ಈ ರೇಟ್ ಏರಿಸೋ ಅಧಿಕಾರ ಡಿಆರ್‌ಎಂಗೆ ಇದೆ (ಆ ರೈಲ್ವೆ ವಿಭಾಗಕ್ಕೆಲ್ಲ ಮುಖ್ಯಸ್ಥರಾಗಿರೋ ಅಧಿಕಾರಿ). ಹಾಗಾಗಿ ದಸರಾ ದೀಪಾವಳಿ ಹತ್ತಿರ ಹೋಗೋರು ಕೌಂಟರ್ ಮುಂದೆ ಹಾಕಿರೋ ಬೋರ್ಡ್ ಒಂದ್ಸಲ ನೋಡಿಬಿಡಿ.

ಏನೇನು ಬೇಕು ಅಂತ ಕೇಳಿದ್ರೆ ಜಾಸ್ತಿ ಏನಿಲ್ಲ. ಕೌಂಟರಲ್ಲಿ ತಗೊಳ್ಳೋದಾದ್ರೆ ಚಿಲ್ಲರೆ ಅಥವಾ ಯುಪಿಐ. ಮೊಬೈಲಲ್ಲಿ ತಗೊಳ್ಳೋದಾದ್ರೆ RailOne ಆ್ಯಪ್, ಮತ್ತೆ ಫೋನಲ್ಲಿ ಲೊಕೇಶನ್ ಆನ್ ಇರಬೇಕು. ಇದರ ಜೊತೆಗೆ ಬರೋರ ಟ್ರೈನ್ ನಂಬರ್, ಐದು ಅಂಕಿದು, ಮತ್ತು ಅವರ ಬೋಗಿ ನಂಬರ್. ಟ್ರೈನ್ ನಂಬರ್ ಇಲ್ದೆ ಹೊರಟುಬಿಟ್ರೆ ಮುಂದೆ ಹೇಳೋ ಯಾವ ಲೆಕ್ಕವೂ ಹಾಕೋಕಾಗಲ್ಲ, ಅದಕ್ಕೆ ಅವರ ಟಿಕೆಟ್ ಫೋಟೋ ಹಿಂದಿನ ದಿನಾನೇ ವಾಟ್ಸಾಪಲ್ಲಿ ತರಿಸ್ಕೊಳ್ಳಿ.

1. ಯಾವ ಸ್ಟೇಷನ್ ಅಂತ ಖಾತ್ರಿ ಮಾಡ್ಕೊಳ್ಳಿ

ಇದು ಕೇಳೋಕೆ ಏನೋ ಅನ್ಸುತ್ತೆ, ಆದ್ರೆ ನಮ್ಮ ಕಡೆಯವರು ಎಡವೋದು ಇಲ್ಲೇ. ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪ ಕಡೆಯವರು ಹೆಚ್ಚಾಗಿ ಮೈಸೂರಿಗೆ ಹೋಗ್ತಾರೆ, ಶನಿವಾರಸಂತೆ ಕಡೆಯವರು ಹಾಸನಕ್ಕೂ ಹೋಗ್ತಾರೆ, ವಿರಾಜಪೇಟೆಯವರು ಮಾಕುಟ್ಟ ಇಳಿದು ತಲಶ್ಶೇರಿ ಇಲ್ಲಾ ಕಣ್ಣೂರಿಗೆ, ಸಂಪಾಜೆ ಕಡೆಯವರು ಮಂಗಳೂರಿಗೆ. ಪ್ಲಾಟ್‌ಫಾರ್ಮ್ ಟಿಕೆಟ್ ಯಾವ ಸ್ಟೇಷನ್ ಹೆಸರಲ್ಲಿ ತಗೊಂಡಿದ್ದೀರೋ ಅಲ್ಲಿ ಮಾತ್ರ ನಡಿಯುತ್ತೆ. ಮಂಗಳೂರಲ್ಲಿ ಸೆಂಟ್ರಲ್ ಬೇರೆ, ಜಂಕ್ಷನ್ ಬೇರೆ, ಜಂಕ್ಷನ್ ಅಂದ್ರೆ ಹಳಬರು ಕಂಕನಾಡಿ ಅಂತಾರಲ್ಲ ಅದು. ಕೊಂಕಣ ರೈಲ್ವೆ ಮೇಲೆ ಮುಂಬೈ ಕಡೆಯಿಂದ ಬಂದು ಕೇರಳಕ್ಕೆ ಹೋಗೋ ಎಷ್ಟೋ ಗಾಡಿಗಳು ಜಂಕ್ಷನ್‌ಗೆ ಮಾತ್ರ ಬಂದು ಸೆಂಟ್ರಲ್‌ಗೆ ಬರದೇ ಹಾಗೇ ಮುಂದೆ ಹೋಗ್ತವೆ. ಸೆಂಟ್ರಲ್‌ದು ಟಿಕೆಟ್ ಇಟ್ಕೊಂಡು ಜಂಕ್ಷನ್ ಪ್ಲಾಟ್‌ಫಾರ್ಮಲ್ಲಿ ನಿಂತ್ರೆ ಟಿಕೆಟ್ ಇಲ್ದೆ ನಿಂತ ಹಾಗೇನೆ. ಬರೋರ ಟಿಕೆಟ್‌ನಲ್ಲಿ ಸ್ಟೇಷನ್ ಕೋಡ್ ನೋಡಿ, `MAQ` ಅಂದ್ರೆ ಸೆಂಟ್ರಲ್, `MAJN` ಅಂದ್ರೆ ಜಂಕ್ಷನ್. ಆ್ಯಪಲ್ಲಿ ಬುಕ್ ಮಾಡೋವಾಗಲೂ ಇದೇ ಕೋಡ್ ಹಾಕಿದ್ರೆ ತಪ್ಪಲ್ಲ.

2. ಟ್ರೈನ್ ಎಲ್ಲಿದೆ ನೋಡಿ, ಆಮೇಲೆ ಟಿಕೆಟ್

ಎರಡು ಗಂಟೆ ಅನ್ನೋದು ಟಿಕೆಟ್ ಕೊಟ್ಟ ಟೈಮಿಂದ ಶುರು, ನೀವು ಪ್ಲಾಟ್‌ಫಾರ್ಮ್‌ಗೆ ಕಾಲಿಟ್ಟ ಟೈಮಿಂದ ಅಲ್ಲ, ಟ್ರೈನ್ ಬಂದ ಟೈಮಿಂದನೂ ಅಲ್ಲ. ಟೈಮ್ ಟಿಕೆಟ್ ಮೇಲೇ ಪ್ರಿಂಟ್ ಆಗಿರುತ್ತೆ. ಟ್ರೈನ್ ಲೇಟಾಯ್ತು ಸಾರ್ ನಾವೇನು ಮಾಡೋದು ಅಂದ್ರೆ ಕೇಳಲ್ಲ, ಅವಧಿ ತಾನಾಗೇ ಮುಂದಕ್ಕೆ ಹೋಗಲ್ಲ, ಮುಗಿದ ಮೇಲೂ ನಿಲ್ಲಬೇಕು ಅಂದ್ರೆ ಹೊರಗೆ ಬಂದು ಇನ್ನೊಂದು ಹತ್ತು ರೂಪಾಯಿ ಟಿಕೆಟ್ ತಗೋಬೇಕು. ತಗೊಂಡಿರೋ ಟಿಕೆಟ್ ಬೇಡ ಅಂತ ವಾಪಸ್ ಕೊಟ್ಟು ದುಡ್ಡು ಕೇಳೋ ಹಾಗೂ ಇಲ್ಲ.

ಹಾಗಾಗಿ ಸ್ಟೇಷನ್ ಮುಟ್ಟಿದ ತಕ್ಷಣ ಕೌಂಟರ್‌ಗೆ ಓಡಬೇಡಿ. NTES ಅಂತ ರೈಲ್ವೆಯವರದ್ದೇ ಆ್ಯಪ್ ಇದೆ, ಟ್ರೈನ್ ನಂಬರ್ ಹಾಕಿದ್ರೆ ಈಗ ಎಲ್ಲಿದೆ, ಎಷ್ಟು ಲೇಟು, ನಿಮ್ಮ ಸ್ಟೇಷನ್‌ಗೆ ಎಷ್ಟೊತ್ತಿಗೆ ಬರುತ್ತೆ ಅಂತ ತೋರಿಸುತ್ತೆ. ನೆಟ್ ಸಿಗ್ಲಿಲ್ಲ ಅಂದ್ರೆ 139ಕ್ಕೆ ಫೋನ್ ಮಾಡಿ ಕೇಳಬಹುದು.

ಒಂದು ಲೆಕ್ಕ ಹಾಕಿ ತೋರಿಸ್ತೀನಿ. ಅಣ್ಣ ರಜಾಕ್ಕೆ ಬರ್ತಿದ್ದಾನೆ ಅಂತ ಇಟ್ಕೊಳ್ಳಿ, ಆರ್ಮಿಯವನು, ಗಾಡಿ ಮೈಸೂರಿಗೆ ಬೆಳಿಗ್ಗೆ 7 ಗಂಟೆಗೆ ಬರಬೇಕು. ನೀವು ವಿರಾಜಪೇಟೆಯಿಂದ ಮೂರೂವರೆಗೆ ಜೀಪು ಬಿಟ್ರಿ, ದಾರಿ ಖಾಲಿ ಇತ್ತು, ಆರೂಕಾಲಿಗೆಲ್ಲ ಸ್ಟೇಷನ್ ಮುಂದೆ. ಚಳಿಗೆ ಒಳಗೆ ಹೋಗಿ ಕೂತ್ಕೊಳ್ಳೋಣ ಅಂತ 6.15ಕ್ಕೇ ಟಿಕೆಟ್ ತಗೊಂಡ್ರೆ ಅದು 8.15ಕ್ಕೆ ಮುಗೀತು. ಗಾಡಿ ಒಂದು ಗಂಟೆ ಲೇಟು ಅಂತ ಮೊದಲು ತೋರಿಸ್ತು, ಆಮೇಲೆ ಇನ್ನೊಂದು ಅರ್ಧ ಗಂಟೆ ಎಲ್ಲೋ ಸಿಗ್ನಲಲ್ಲಿ ನಿಂತ್ಕೊಳ್ತು, ಬಂದಿದ್ದು 8.30ಕ್ಕೆ. ಅಣ್ಣ ಕಪ್ಪು ಟ್ರಂಕ್ ಇಳಿಸೋ ಹೊತ್ತಿಗೆ ನಿಮ್ಮ ಕೈಲಿರೋ ಟಿಕೆಟ್ ಸತ್ತು ಕಾಲು ಗಂಟೆ ಆಗಿದೆ, ಗೇಟಲ್ಲಿ ಚೆಕ್ ಮಾಡಿದ್ರೆ ನೀವೇ ಸಿಕ್ಕಿಬೀಳೋದು. ಅದೇ ನೀವು ಹೊರಗೆ ಒಂದು ಕಾಫಿ ಕುಡಿದು, NTESನಲ್ಲಿ 8.30 ಅಂತ ನೋಡ್ಕೊಂಡು, 8 ಗಂಟೆಗೆ ಟಿಕೆಟ್ ತಗೊಂಡಿದ್ರೆ ಅದು 10ರವರೆಗೆ ನಡೀತಿತ್ತು, ಗಾಡಿ ಇನ್ನೂ ಒಂದು ಗಂಟೆ ತಡ ಮಾಡಿದ್ರೂ ಚಿಂತೆ ಇರ್ತಿರ್ಲಿಲ್ಲ.

ಕರ್ಕೊಂಡು ಬರೋಕೆ ಹೋದಾಗ ಗಾಡಿ ಬರೋ ಅರ್ಧ ಗಂಟೆ ಮುಂಚೆ ತಗೊಂಡ್ರೆ ಸಾಕು. ಕಳಿಸೋಕೆ ಹೋದಾಗ ಸ್ವಲ್ಪ ಬೇರೆ, ಅದರಲ್ಲೂ ಮೈಸೂರಿಂದಲೇ ಹೊರಡೋ ಗಾಡಿ ಆದ್ರೆ ಅದನ್ನ ಹೊರಡೋ ಟೈಮಿಗಿಂತ ಮುಂಚೆನೇ ಪ್ಲಾಟ್‌ಫಾರ್ಮ್‌ಗೆ ತಂದು ನಿಲ್ಲಿಸ್ತಾರೆ, ವಯಸ್ಸಾದವರು ಸಾಮಾನು ಇದ್ರೆ ಮುಕ್ಕಾಲು ಗಂಟೆ ಮುಂಚೆ ಟಿಕೆಟ್ ತಗೊಂಡು ನಿಧಾನಕ್ಕೆ ಹೋಗಿ. ತಲಶ್ಶೇರಿಯಂಥ ಕಡೆ ಗಾಡಿ ನಿಲ್ಲೋದೇ ಒಂದೆರಡು ನಿಮಿಷ, ಅಲ್ಲಿ ಬೋಗಿ ಎಲ್ಲಿ ಬರುತ್ತೆ ಅಂತ ಮುಂಚೆನೇ ನೋಡ್ಕೊಂಡು ಆ ಜಾಗದಲ್ಲಿ ನಿಂತಿರಬೇಕು, ಬೋಗಿಗಳ ಸಾಲು ಯಾವ ಥರ ಇದೆ ಅಂತನೂ NTESನಲ್ಲೇ ಸಿಗುತ್ತೆ.

ಅಷ್ಟು ಹೊತ್ತು ಎಲ್ಲಿ ಕಾಯೋದು ಅಂದ್ರೆ, ಟಿಕೆಟ್ ಕೌಂಟರ್ ಇರೋ ಹಾಲ್‌ಗೆ, ಸ್ಟೇಷನ್ ಮುಂದಿನ ಜಾಗಕ್ಕೆ ಯಾವ ಟಿಕೆಟ್ಟೂ ಬೇಡ. ಒಳಗಿರೋ ವೇಟಿಂಗ್ ರೂಮ್ ಪ್ರಯಾಣಿಕರಿಗೆ ಅಂತ ಇರೋದು, ಪ್ಲಾಟ್‌ಫಾರ್ಮ್ ಟಿಕೆಟ್ ಇದೆ ಅಂತ ಅಲ್ಲಿ ಮಲಗೋ ಪ್ಲಾನ್ ಹಾಕಬೇಡಿ. ಪಾರ್ಕಿಂಗ್ ದುಡ್ಡು ಬೇರೆ, ಅದಕ್ಕೂ ಪ್ಲಾಟ್‌ಫಾರ್ಮ್ ಟಿಕೆಟ್‌ಗೂ ಸಂಬಂಧ ಇಲ್ಲ.

3. ಟಿಕೆಟ್ ತಗೊಳ್ಳೋದು

ಮೂರು ದಾರಿ ಇದೆ. ಒಂದು, ಜನರಲ್ ಟಿಕೆಟ್ ಕೊಡೋ ಕೌಂಟರ್. ರಿಸರ್ವೇಶನ್ ಕೌಂಟರ್ ಮುಂದೆ ಕ್ಯೂ ನಿಂತು ಟೈಮ್ ಹಾಳು ಮಾಡ್ಕೋಬೇಡಿ, ಅಲ್ಲಿ ಕೊಡಲ್ಲ. ಎಷ್ಟು ಜನ ಅಂತ ಹೇಳಿ, ತಗೊಂಡ ಮೇಲೆ ಸ್ಟೇಷನ್ ಹೆಸರು, ಟೈಮು, ಎಷ್ಟು ಜನ ಅಂತ ಇದೆ ಮೂರೂ ಅಲ್ಲೇ ನೋಡ್ಕೊಳ್ಳಿ.

ಎರಡು, ಕೌಂಟರ್ ಪಕ್ಕ ನಿಲ್ಲಿಸಿರೋ ಮಿಷನ್, ಅದಕ್ಕೆ ಎಟಿವಿಎಂ ಅಂತಾರೆ, ಅಂದ್ರೆ ನಾವೇ ಸ್ಕ್ರೀನ್ ಒತ್ತಿ ಟಿಕೆಟ್ ತಗೊಳ್ಳೋ ಯಂತ್ರ. ಪ್ಲಾಟ್‌ಫಾರ್ಮ್ ಟಿಕೆಟ್ ಅಂತ ಅದರಲ್ಲೇ ಇರುತ್ತೆ, ಜನ ಎಷ್ಟು ಅಂತ ಒತ್ತಿ, ಬರೋ ಕ್ಯೂಆರ್ ಸ್ಕ್ಯಾನ್ ಮಾಡಿ ಯುಪಿಐಯಲ್ಲಿ ಕಟ್ಟಿದ್ರೆ ಕಾಗದ ಹೊರಗೆ ಬರುತ್ತೆ. ಕೌಂಟರಲ್ಲಿ ಬೆಂಗಳೂರಿಗೆ ಹೋಗೋರ ಉದ್ದ ಕ್ಯೂ ಇದ್ದಾಗ ಇದೇ ವಾಸಿ, ಜನ ಯಾಕೋ ಈ ಮಿಷನ್ ಕಂಡ್ರೆ ಹೆದರ್ತಾರೆ.

ಮೂರು, ಮೊಬೈಲ್. 2025ರ ಜುಲೈಯಲ್ಲಿ ರೈಲ್ವೆಯವರು RailOne ಅಂತ ಆ್ಯಪ್ ತಂದ್ರು, ಮೊದಲಿಂದ ಇದ್ದ UTS ಆ್ಯಪ್ ಮಾಡ್ತಿದ್ದ ಕೆಲಸ ಅದರಲ್ಲೇ ಆಗುತ್ತೆ, ಹಳೇ UTS ಅಥವಾ IRCTC ಲಾಗಿನ್ ಇದ್ರೆ ಅದನ್ನೇ ಹಾಕಿ ಒಳಗೆ ಹೋಗಬಹುದು. ಅದರಲ್ಲಿ ಪ್ಲಾಟ್‌ಫಾರ್ಮ್ ಟಿಕೆಟ್ ಅಂತ ಆರಿಸಿ, ಸ್ಟೇಷನ್ ಮತ್ತೆ ಜನರ ಸಂಖ್ಯೆ ಹಾಕಿ, ದುಡ್ಡು ಕಟ್ಟೋದು. ಇದರಲ್ಲಿ ಎಡವೋ ಜಾಗಗಳು ಇವೆ, ಸ್ವಲ್ಪ ಗಮನ ಕೊಡಿ.

ಮೊದಲನೇದು, ಕಾಗದ ಇಲ್ಲದ ಟಿಕೆಟನ್ನ ಸ್ಟೇಷನ್ ಒಳಗೆ ನಿಂತು ಮಾಡೋಕೆ ಆ್ಯಪ್ ಬಿಡಲ್ಲ. ಟಿಸಿ ಕಂಡ ಮೇಲೆ ಗಡಿಬಿಡಿಯಲ್ಲಿ ಟಿಕೆಟ್ ಮಾಡೋರನ್ನ ತಡೆಯೋಕೆ ಅಂತಾನೇ ಹಳಿ ಮತ್ತು ಪ್ಲಾಟ್‌ಫಾರ್ಮ್ ಸುತ್ತ ಜಿಪಿಎಸ್ ಗಡಿ ಹಾಕಿದ್ದಾರೆ, ಅದರೊಳಗೆ ಇದ್ರೆ ಬುಕ್ ಆಗಲ್ಲ. ಆಟೋದಲ್ಲಿ ಬರ್ತಾ ಇರೋವಾಗ ಇಲ್ಲಾ ಪಾರ್ಕಿಂಗ್ ಹೊರಗೆ ನಿಂತು ಮಾಡಿ ಮುಗಿಸಿ. ಆಗಲೇ ಒಳಗೆ ಬಂದುಬಿಟ್ಟಿದ್ರೆ ಕೌಂಟರ್ ಹತ್ರ ಗೋಡೆಗೆ ಅಂಟಿಸಿರೋ ರೈಲ್ವೆ ಕ್ಯೂಆರ್ ಕೋಡ್ ಅನ್ನ ಆ್ಯಪ್ ಒಳಗಿಂದ ಸ್ಕ್ಯಾನ್ ಮಾಡಿ ಬುಕ್ ಮಾಡಬಹುದು. ಹಾಗಂತ ಮಡಿಕೇರಿಲಿ ಬಸ್ ಹತ್ತೋವಾಗಲೇ ಬುಕ್ ಮಾಡ್ಕೊಂಡು ಹೊರಟ್ರೆ ಮೈಸೂರು ಬರೋ ಹೊತ್ತಿಗೆ ಎರಡು ಗಂಟೆ ಮುಗಿದಿರುತ್ತೆ.

ಇನ್ನೊಂದು, ಪೇಪರ್‌ಲೆಸ್ ಮತ್ತು ಪ್ರಿಂಟ್ ತಗೊಳ್ಳೋದು ಅಂತ ಎರಡು ಥರ ಕೇಳಿದ್ರೆ ಪೇಪರ್‌ಲೆಸ್ ಆರಿಸಿ. ಪ್ರಿಂಟ್ ಅಂತ ಒತ್ತಿದ್ರೆ ಮಿಷನಲ್ಲಿ ಅಥವಾ ಕೌಂಟರಲ್ಲಿ ಕಾಗದ ತೆಗೆದುಕೊಳ್ಳೋವರೆಗೂ ಅದು ಟಿಕೆಟ್ಟೇ ಅಲ್ಲ, ದುಡ್ಡು ಕಟ್ಟಿರೋ ಮೆಸೇಜ್ ತೋರಿಸಿದ್ರೂ ಒಪ್ಪಲ್ಲ. ಪೇಪರ್‌ಲೆಸ್ ಟಿಕೆಟ್‌ನ್ನ ಆ್ಯಪ್ ತೆಗೆದು ಅದರೊಳಗೇ ತೋರಿಸಬೇಕು, ಸ್ಕ್ರೀನ್‌ಶಾಟ್ ನಡಿಯಲ್ಲ, ಒಬ್ಬರು ಬುಕ್ ಮಾಡಿ ಇನ್ನೊಬ್ಬರಿಗೆ ವಾಟ್ಸಾಪ್ ಮಾಡಿದ್ರೂ ನಡಿಯಲ್ಲ. ಐದು ಜನಕ್ಕೆ ಒಂದೇ ಫೋನಲ್ಲಿ ಟಿಕೆಟ್ ಇದ್ರೆ ಐದೂ ಜನ ಒಟ್ಟಿಗೇ ಇರಿ, ಫೋನ್ ಇರೋರು ಟೀ ತರೋಕೆ ಆಚೆ ಹೋದಾಗಲೇ ಚೆಕಿಂಗ್ ಬರೋದು. ಚಾರ್ಜ್ ಕಮ್ಮಿ ಇದೆ ಅಂದ್ರೆ ಸುಮ್ನೆ ಕಾಗದದ ಟಿಕೆಟ್ಟೇ ತಗೊಳ್ಳಿ.

ತಲೆ ಎಣಿಸೋದನ್ನೂ ಮರೀಬೇಡಿ. ನಮ್ಮಲ್ಲಿ ಒಬ್ಬ ಹುಡುಗ ಡ್ಯೂಟಿಗೆ ವಾಪಸ್ ಹೊರಟ ಅಂದ್ರೆ ಅಪ್ಪ ಅಮ್ಮ ಚಿಕ್ಕಪ್ಪ ಅತ್ತೆ ಎಲ್ಲಾ ಹೊರಡ್ತಾರೆ, ಆರು ಜನ ಅಂದ್ರೆ ಆರು ಟಿಕೆಟ್ಟು, 60 ರೂಪಾಯಿ. ಮನೆಯೋರಿಗೆಲ್ಲ ಸೇರಿ ಒಂದು ಅನ್ನೋದು ಇಲ್ಲ. ಎಲ್ಲರೂ ಒಳಗೆ ಹೋಗಲೇಬೇಕಾ ಅಂತ ಒಂದ್ಸಲ ಯೋಚನೆ ಮಾಡಿ, ಸಾಮಾನು ಹಿಡಿಯೋಕೆ ಇಬ್ಬರು ಹೋದ್ರೆ ಸಾಕು, ಪ್ಲಾಟ್‌ಫಾರ್ಮಲ್ಲಿ ಜಾಗನೂ ಇರುತ್ತೆ.

4. ಒಳಗೆ ಹೋದ ಮೇಲೆ ಬೋಗಿ ಹತ್ತಬೇಡಿ

ಪ್ಲಾಟ್‌ಫಾರ್ಮ್ ಟಿಕೆಟ್ ಪ್ಲಾಟ್‌ಫಾರ್ಮ್‌ಗೆ ಮಾತ್ರ, ಬೋಗಿ ಒಳಗೆ ಕಾಲಿಡೋಕೂ ಅದರಲ್ಲಿ ಅನುಮತಿ ಇಲ್ಲ. ಎಲ್ಲರೂ ಹತ್ತಿ ಲಗೇಜ್ ಸೀಟ್ ಕೆಳಗೆ ಇಟ್ಟು ಇಳಿಯೋದು ನೀವೂ ನೋಡಿರ್ತೀರಿ, ನಿಂತಿರೋ ಗಾಡಿಯಲ್ಲಿ ಹಾಗೆ ಮಾಡಿದ್ರೆ ಸಾಮಾನ್ಯವಾಗಿ ಯಾರೂ ಏನೂ ಅನ್ನಲ್ಲ, ಆದ್ರೆ ಗಾಡಿ ಹೊರಟುಬಿಟ್ರೆ ನೀವು ಟಿಕೆಟ್ ಇಲ್ಲದ ಪ್ರಯಾಣಿಕ. ಓಡೋ ಗಾಡಿಯಿಂದ ಹಾರೋದು ಇನ್ನೂ ಅಪಾಯ, ಕಾಲು ಸಿಗೋದು ಪ್ಲಾಟ್‌ಫಾರ್ಮ್‌ಗೂ ಗಾಡಿಗೂ ನಡುವಿನ ಸಂದಿಯಲ್ಲೇ.

ವಂದೇ ಭಾರತ್ ಆದ್ರೆ ಹತ್ತೋ ಯೋಚನೆನೇ ಬೇಡ. ಮೈಸೂರು ಚೆನ್ನೈ ವಂದೇ ಭಾರತ್, ಮಂಗಳೂರು ತಿರುವನಂತಪುರ ವಂದೇ ಭಾರತ್ ಇವಕ್ಕೆ ಬಾಗಿಲು ತಾನೇ ಮುಚ್ಚಿಕೊಳ್ಳುತ್ತೆ, ಒಂದ್ಸಲ ಮುಚ್ಚಿದ್ರೆ ಮುಂದಿನ ಸ್ಟಾಪ್‌ವರೆಗೆ ತೆಗೆಯಲ್ಲ. 2023ರ ಜನವರಿಯಲ್ಲಿ ಆಂಧ್ರದ ರಾಜಮಂಡ್ರಿಯಲ್ಲಿ ಒಬ್ಬರು ಸೆಲ್ಫಿ ತಗೊಳ್ಳೋಕೆ ಒಳಗೆ ಹೋಗಿ, ಬಾಗಿಲು ಮುಚ್ಚಿಕೊಂಡು, ವಿಜಯವಾಡದವರೆಗೂ ಹೋಗಬೇಕಾಯ್ತು, ಆ ವಿಡಿಯೋ ನಿಮಗೂ ಬಂದಿರಬಹುದು. ಇಂಥ ಗಾಡಿಗೆ ಬ್ಯಾಗನ್ನ ಬಾಗಿಲಲ್ಲಿ ಕೊಟ್ಟು ಹಿಂದೆ ಸರೀರಿ. ಕಾಲು ನೋವಿರೋ ಹಿರಿಯರನ್ನ ಕಳಿಸೋದಾದ್ರೆ ಮುಂಚೆನೇ ಸ್ಟೇಷನ್ ಮ್ಯಾನೇಜರ್ ಆಫೀಸಲ್ಲಿ ವೀಲ್‌ಚೇರ್ ಕೇಳಿ, ಇಲ್ಲಾಂದ್ರೆ ಲೈಸೆನ್ಸ್ ಬ್ಯಾಡ್ಜ್ ಇರೋ ಪೋರ್ಟರ್ ಹತ್ರ ರೇಟ್ ಮಾತಾಡಿ ಕರ್ಕೊಳ್ಳಿ.

ಇಲ್ಲೇ ಆ ವಾಟ್ಸಾಪ್ ಮೆಸೇಜ್ ಬಗ್ಗೆನೂ ಹೇಳಿಬಿಡ್ತೀನಿ. "ಪ್ಲಾಟ್‌ಫಾರ್ಮ್ ಟಿಕೆಟ್ ಇದ್ರೆ ಸಾಕು ಟ್ರೈನ್ ಹತ್ತಿ ಎಲ್ಲಿಗೆ ಬೇಕಾದ್ರೂ ಹೋಗಬಹುದು" ಅಂತ ವರ್ಷಕ್ಕೊಂದ್ಸಲ ಸುತ್ತುತ್ತೆ. ಇದು ಅರ್ಧ ಸತ್ಯ, ಉಳಿದರ್ಧ ಡೇಂಜರ್. ತುರ್ತಲ್ಲಿ ಟಿಕೆಟ್ ತಗೊಳ್ಳೋಕಾಗದೆ ಹತ್ತಿಬಿಟ್ಟವರು ತಾವಾಗೇ ಟಿಟಿಇ ಹತ್ರ ಹೋಗಿ ಹೇಳಿದ್ರೆ, ಟಿಟಿಇ ಅಂದ್ರೆ ಗಾಡಿಯೊಳಗೆ ಟಿಕೆಟ್ ನೋಡೋರು, ಅವರು ಚಾರ್ಜ್ ಜೊತೆಗೆ ಕನಿಷ್ಠ 250 ರೂಪಾಯಿ ಹೆಚ್ಚುವರಿ ಹಾಕಿ ಟಿಕೆಟ್ ಕೊಡ್ತಾರೆ. ಪ್ಲಾಟ್‌ಫಾರ್ಮ್ ಟಿಕೆಟ್‌ನಿಂದ ಆಗೋ ಲಾಭ ಒಂದೇ, ನೀವು ಹತ್ತಿದ್ದು ಇದೇ ಸ್ಟೇಷನಲ್ಲಿ ಅಂತ ಅದು ಸಾಕ್ಷಿ, ಹಾಗಾಗಿ ಚಾರ್ಜ್ ಅಲ್ಲಿಂದ ಲೆಕ್ಕ ಹಾಕ್ತಾರೆ, ಗಾಡಿ ಹೊರಟ ಊರಿಂದ ಅಲ್ಲ. ಸೀಟ್ ಖಾಲಿ ಇಲ್ಲ ಅಂದ್ರೆ ಸೀಟ್ ಸಿಗಲ್ಲ, 250 ಮಾತ್ರ ತಪ್ಪಲ್ಲ. ಮುಂಚೆನೇ ಪ್ಲಾನ್ ಮಾಡಿ ಹಾಗೆ ಹೋಗೋದಕ್ಕಿಂತ ಅದೇ ಕೌಂಟರಲ್ಲಿ ಜನರಲ್ ಟಿಕೆಟ್ ತಗೊಂಡು ಜನರಲ್ ಬೋಗಿ ಹತ್ತೋದು ಎಷ್ಟೋ ಅಗ್ಗ.

5. ಟಿಕೆಟ್ ಕೊಡ್ತಿಲ್ಲ ಅಂದ್ರೆ

ಪ್ಲಾಟ್‌ಫಾರ್ಮ್ ಟಿಕೆಟ್ ಕೇಳಿದೋರಿಗೆಲ್ಲ ಕೊಡಲೇಬೇಕು ಅಂತೇನಿಲ್ಲ. ರಶ್ ಜಾಸ್ತಿ ಆದ್ರೆ ಕೊಡೋದನ್ನೇ ನಿಲ್ಲಿಸಬಹುದು, 2025ರ ಫೆಬ್ರವರಿಯಲ್ಲಿ ನ್ಯೂಡೆಲ್ಲಿ ಸ್ಟೇಷನಲ್ಲಿ ಕಾಲ್ತುಳಿತ ಆದ ಮೇಲಂತೂ ಹಬ್ಬದ ಸೀಸನ್‌ನಲ್ಲಿ ದೊಡ್ಡ ಸ್ಟೇಷನ್‌ಗಳಲ್ಲಿ ನಿಲ್ಲಿಸೋದು ಹೆಚ್ಚಾಗಿದೆ. ಅಂಥ ದಿನ ಕೌಂಟರಲ್ಲಿ ಜಗಳ ಮಾಡಿ ಉಪಯೋಗ ಇಲ್ಲ, ಆ್ಯಪಲ್ಲೂ ಸಿಗಲ್ಲ. ಆದ್ರೆ ವಯಸ್ಸಾದವರು, ಹುಷಾರಿಲ್ಲದವರು, ಒಬ್ಬರೇ ಹೋಗ್ತಿರೋ ಹೆಂಗಸರು ಇವರ ಜೊತೆ ಬಂದೋರಿಗೆ ಇಂಥ ಸಮಯದಲ್ಲೂ ವಿನಾಯಿತಿ ಕೊಡೋದುಂಟು, ಅದಕ್ಕೆ ಕೌಂಟರಲ್ಲಿ ಅಲ್ಲ, ಸ್ಟೇಷನ್ ಮ್ಯಾನೇಜರ್ ಹತ್ರ ಹೋಗಿ ಪ್ರಯಾಣಿಕರ ಟಿಕೆಟ್ ತೋರಿಸಿ ಕೇಳಿ. ಕರ್ಕೊಂಡು ಹೋಗೋಕೆ ಬಂದಿದ್ರೆ ಫೋನಲ್ಲಿ ಮುಖ್ಯ ಗೇಟ್ ಹತ್ರ ಬನ್ನಿ ಅಂತ ಹೇಳಿಬಿಡೋದು ಸಲೀಸು.

ಇದಕ್ಕೇ ಸೇರಿದ ಇನ್ನೊಂದು ಮಾತು. ಆನ್‌ಲೈನಲ್ಲಿ ಮಾಡಿದ ಟಿಕೆಟ್ ಚಾರ್ಟ್ ಆದ ಮೇಲೂ ಪೂರ್ತಿ ವೇಟಿಂಗ್ ಲಿಸ್ಟಲ್ಲೇ ಉಳಿದ್ರೆ ಅದು ತಾನೇ ಕ್ಯಾನ್ಸಲ್ ಆಗಿ ದುಡ್ಡು ವಾಪಸ್ ಬರುತ್ತೆ. ಆಗ ಅವರ ಕೈಲಿ ಯಾವ ಟಿಕೆಟ್ಟೂ ಇಲ್ಲ ಅಂತಲೇ ಅರ್ಥ, ಪ್ಲಾಟ್‌ಫಾರ್ಮ್‌ಗೆ ಹೋಗೋಕೂ ಆಗಲ್ಲ. ಮನೆ ಬಿಡೋ ಮುಂಚೆ ಒಂದ್ಸಲ, ಸ್ಟೇಷನ್ ಮುಂದೆ ಇನ್ನೊಂದ್ಸಲ ಪಿಎನ್‌ಆರ್ ಚೆಕ್ ಮಾಡಿ, ಪಿಎನ್‌ಆರ್ ಅಂದ್ರೆ ಟಿಕೆಟ್ ಮೇಲಿರೋ ಹತ್ತು ಅಂಕಿ ನಂಬರ್.

6. ಸಿಕ್ಕಿಬಿದ್ರೆ

ಟಿಕೆಟ್ ಇಲ್ದೆ, ಅಥವಾ ಟೈಮ್ ಮುಗಿದ ಟಿಕೆಟ್ ಇಟ್ಕೊಂಡು ಪ್ಲಾಟ್‌ಫಾರ್ಮಲ್ಲಿ ಸಿಕ್ಕಿದ್ರೆ ಕನಿಷ್ಠ 250 ರೂಪಾಯಿ ಬೀಳುತ್ತೆ, ಅದರ ಮೇಲೆ ಟ್ರೈನ್ ಚಾರ್ಜನ್ನೂ ಸೇರಿಸಿ ಕೇಳಬಹುದು, ಯಾಕಂದ್ರೆ ನೀವು ಯಾವುದೋ ಗಾಡಿಯಿಂದ ಟಿಕೆಟ್ ಇಲ್ದೆ ಇಳಿದೋರಲ್ಲ ಅಂತ ತೋರಿಸೋಕೆ ನಿಮ್ಮ ಹತ್ರ ಏನೂ ಇರಲ್ಲ. ಟೈಮ್ ಮುಗಿದ ಟಿಕೆಟ್ ಇದ್ರೂ ಬಿಸಾಕಬೇಡಿ, ಇಂಥ ಸ್ಟೇಷನ್‌ಗೆ ಇಷ್ಟೊತ್ತಿಗೆ ಹೊರಗಿಂದ ಬಂದೆ ಅಂತ ಹೇಳೋಕೆ ಅದೊಂದಾದ್ರೂ ಆಗುತ್ತೆ, ಜೊತೆಗೆ ಕರ್ಕೊಳ್ಳೋಕೆ ಬಂದೋರ ಟಿಕೆಟನ್ನೂ ತೋರಿಸಿ, ಅವರ ಗಾಡಿ ಎಷ್ಟು ಲೇಟಾಗಿತ್ತು ಅಂತನೂ ಹೇಳಿ. ಬಿಡೋದು ಬಿಡದಿರೋದು ಅವರಿಗೆ ಬಿಟ್ಟಿದ್ದು.

ದುಡ್ಡು ಕಟ್ಟಿದ್ರೆ ರಸೀದಿ ತಗೊಳ್ಳದೆ ಅಲ್ಲಿಂದ ಕದಲಬೇಡಿ. ಆ ರಸೀದಿಗೆ ಇಎಫ್‌ಟಿ ಅಂತಾರೆ, ಹೆಚ್ಚುವರಿ ಚಾರ್ಜ್ ತಗೊಂಡಿದ್ದಕ್ಕೆ ಬರೆದುಕೊಡೋ ಟಿಕೆಟ್, ಮೊತ್ತ ಮತ್ತು ಕಾರಣ ಅದರಲ್ಲಿ ಬರೆದಿರುತ್ತೆ. ರಸೀದಿ ಬೇಡ ನೂರು ಕೊಟ್ಟು ಹೋಗಿ ಅಂತ ಯಾರಾದ್ರೂ ಅಂದ್ರೆ ಬೇಡ, ರಸೀದಿ ಹಾಕಿ ಪೂರ್ತಿ ಕಟ್ತೀನಿ ಅಂತ ಹೇಳಿ. ಅದಕ್ಕೂ ತಕರಾರು ಮಾಡಿದ್ರೆ 139ಕ್ಕೆ ಫೋನ್ ಮಾಡಿ ಕಂಪ್ಲೇಂಟ್ ಕೊಡಬಹುದು, ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.